ನೀರಿನಲ್ಲಿಟ್ಟ ಪನೀರ್ ಮೂರನೇ ದಿನಕ್ಕೇ ಹುಳಿಯಾಗುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಭಾನುವಾರದಡುಗೆ

ವಾರಕ್ಕೊಮ್ಮೆ ಎರಡು ಲೀಟರ್ ಕೆನೆಭರಿತ ಹಾಲಿನಿಂದ ಮನೆಯಲ್ಲೇ ಪನೀರ್ ಮಾಡುತ್ತೇನೆ. ಸುಮಾರು 350 ಗ್ರಾಂ ಸಿಗುತ್ತದೆ. ಅರ್ಧ ಅಂದೇ ಖರ್ಚಾಗುತ್ತದೆ, ಉಳಿದರ್ಧ ಗುರುವಾರದವರೆಗಾದರೂ ಬರಬೇಕು ಎಂಬುದು ನನ್ನ ಆಸೆ. ಮೊದಲು ಹಾಗೇ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡುತ್ತಿದ್ದೆ. ಎರಡನೇ ದಿನಕ್ಕೆ ಮೈಯೆಲ್ಲ ಹಳದಿಯಾಗಿ, ಅಂಚು ರಬ್ಬರಿನಂತಾಗುತ್ತಿತ್ತು. ಯಾರೋ ನೀರಿನಲ್ಲಿ ಮುಳುಗಿಸಿಡಿ ಎಂದರು. ಈಗ ಮೆತ್ತಗೇನೋ ಇರುತ್ತದೆ, ಆದರೆ ಮೂರನೇ ದಿನ ಮುಚ್ಚಳ ತೆಗೆದರೆ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿರುತ್ತದೆ, ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಮುಟ್ಟಿದರೆ ಸ್ವಲ್ಪ ಜಾರುತ್ತದೆ ಕೂಡ. ಎರಡು ವಾರದಿಂದ ಎಸೆಯುತ್ತಲೇ ಇದ್ದೇನೆ. ನೀರೇ ತಪ್ಪೋ, ಫ್ರಿಜ್ ತಪ್ಪೋ?

ನಿಂಬೆಹುಳಿ

ನೀರು ಬದಲಾಯಿಸುತ್ತಿಲ್ಲ ನೀವು, ಅಷ್ಟೇ. ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸದು ತುಂಬಿದರೆ ಒಂದು ವಾರ ಬರುತ್ತದೆ. ಹಾಲನ್ನು ಕುದಿಸಿಯೇ ಮಾಡುವುದರಿಂದ ಪನೀರಿನಲ್ಲಿ ಸೂಕ್ಷ್ಮಜೀವಿಗಳೇ ಇರುವುದಿಲ್ಲ, ಹಾಳಾಗುವುದೆಲ್ಲ ನೀರಿನಿಂದಲೇ.

ತಡವಾಗಿ ಬಂದವನು

ನನಗೂ ಇದೇ ತೊಂದರೆ. ಗ್ರೇವಿಗೆ ಹಾಕಿದ ಐದು ನಿಮಿಷಕ್ಕೆ ತುಂಡುಗಳು ಒಡೆದು ಪುಡಿಯಾಗುತ್ತವೆ. ಹೆಚ್ಚು ಹೊತ್ತು ಭಾರ ಹೇರಬೇಕೇ?

ಭಾನುವಾರದಡುಗೆ

ಸರ್, ನನ್ನದು ಒಡೆಯುವ ಸಮಸ್ಯೆಯಲ್ಲ, ಹುಳಿಯಾಗುವ ಸಮಸ್ಯೆ. ನಿಂಬೆಹುಳಿ ಅವರೇ, ಎರಡನೇ ದಿನ ಒಮ್ಮೆ ಬದಲಾಯಿಸಿದ್ದೆ. ಆದರೂ ಹೀಗಾಯಿತು.

ಹಾಲುಕೆನೆ

ಹಾಲಿನ ಘಟಕವೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿದವನು, ಈಗ ನಿವೃತ್ತ. ಉತ್ತರಕ್ಕೆ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ ತಾಯಿ. ಪನೀರ್ ಮಾಡಿದ ದಿನವೇ ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿದ್ದೀರಾ? ಅಂದು ಹುಳಿ ಇತ್ತೇ? ಇದು ಗೊತ್ತಾಗದೆ ಮುಂದೆ ಹೇಳುವುದು ಕತ್ತಲಲ್ಲಿ ಕಲ್ಲೆಸೆದಂತೆ. ಮೊದಲ ದಿನವೇ ಹುಳಿಯಿದ್ದರೆ ಅದು ನಿಂಬೆಯದು. ಮೊದಲ ದಿನ ಸಿಹಿಯಾಗಿದ್ದು ಮೂರನೇ ದಿನ ಹುಳಿಯಾದರೆ ಅದು ಒಳಗೆ ಹುಟ್ಟಿದ ಹುಳಿ. ಎರಡಕ್ಕೂ ಮದ್ದು ಬೇರೆ ಬೇರೆ.

ಇನ್ನೊಂದು: ಹಾಲು ಒಡೆದ ಮೇಲೆ, ಬಟ್ಟೆಯಲ್ಲಿ ಸೋಸಿದ ಗಟ್ಟಿಯನ್ನು ತಣ್ಣೀರಿನಲ್ಲಿ ತೊಳೆಯುತ್ತೀರಾ?

ಭಾನುವಾರದಡುಗೆ

ಮೊದಲ ದಿನ ಸ್ವಲ್ಪವೂ ಹುಳಿಯಿರಲಿಲ್ಲ, ಹಾಲಿನ ಸಿಹಿ ಇತ್ತು. ತೊಳೆಯುವುದಿಲ್ಲ. ತೊಳೆದರೆ ರುಚಿ ಹೋಗುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ಬಿಸಿ ಇರುವಾಗಲೇ ಬಟ್ಟೆ ಕಟ್ಟಿ ರುಬ್ಬುವ ಕಲ್ಲಿನ ಕೆಳಗೆ ಇಡುತ್ತೇನೆ, ನಾಲ್ಕು ಗಂಟೆ. ಆಮೇಲೆ ಬಿಸಿ ಪೂರ್ತಿ ಆರುವ ಮೊದಲೇ ತುಂಡು ಮಾಡಿ ಕೊಳಾಯಿ ನೀರು ತುಂಬಿದ ಡಬ್ಬಿಗೆ ಹಾಕಿ ಫ್ರಿಜ್‌ನ ಬಾಗಿಲಿನಲ್ಲಿ ಇಡುತ್ತೇನೆ.

ಹಾಲುಕೆನೆ

ಒಂದೇ ಉಸಿರಿನಲ್ಲಿ ಎಲ್ಲ ಕಾರಣಗಳನ್ನೂ ನೀವೇ ಹೇಳಿಬಿಟ್ಟಿರಿ.

ನಿಮ್ಮ ಬಾಯಿಗೆ ಮೊದಲ ದಿನ ಸಿಕ್ಕ ಆ ಸಿಹಿ ಇದೆಯಲ್ಲ, ಅದೇ ಮೂರನೇ ದಿನದ ಹುಳಿ. ಹಾಲು ಒಡೆದಾಗ ಹಾಲಿನ ಸಕ್ಕರೆಯ ಬಹುಪಾಲು ಹಸಿರು ಛಾಯೆಯ ನೀರಿನೊಂದಿಗೆ ಹೋಗುತ್ತದೆ. ಆದರೆ ಪನೀರಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ, ಮತ್ತು ತೊಳೆಯದ ಪನೀರಿನೊಳಗಿನ ನೀರು ಅದೇ ಒಡೆದ ಹಾಲಿನ ನೀರು. ಹುಳಿಮಾಡುವ ಸೂಕ್ಷ್ಮಜೀವಿಗಳಿಗೆ ಬೇಕಾದ ಸಕ್ಕರೆ ಅಲ್ಲೇ ಸಿದ್ಧವಾಗಿರುತ್ತದೆ. ಅವು ಅದನ್ನು ತಿಂದು ಆಮ್ಲ ಮಾಡುತ್ತವೆ. ಹಾಲು ಮೊಸರಾಗುವುದೂ ಹೀಗೆಯೇ.

ನೀವು ಡಬ್ಬಿಗೆ ನೀರು ಸುರಿದಾಗ ಆ ಸಕ್ಕರೆ ನಿಧಾನವಾಗಿ ಹೊರಗೆ ಇಳಿಯುತ್ತದೆ. ಈಗ ಪನೀರ್ ಮಾತ್ರವಲ್ಲ, ಸುತ್ತಲ ನೀರೂ ಹುಳಿಯಾಗಲು ತಯಾರು. ಅಕ್ಕಿ ತೊಳೆದ ನೀರಿನಂತೆ ಕಂಡದ್ದು ಅದೇ: ಕರಗಿ ಬಂದ ಹಾಲಿನಂಶ ಮತ್ತು ಅದರ ಮೇಲೆ ಬೆಳೆದದ್ದು.

ನಿಂಬೆಹುಳಿ ಅವರೇ, ನಿಮ್ಮ ಮಾತು ಅರ್ಧ ಸರಿ. ಹಾಲನ್ನು ಕಾಯಿಸುವುದರಿಂದ ಬಹುತೇಕ ಸಾಯುತ್ತವೆ, ಅದು ನಿಜ. ಆದರೆ ಬಟ್ಟೆ, ಕೈ, ಚಾಕು, ಡಬ್ಬಿ, ನೀರು, ಇವೆಲ್ಲ ಕುದಿತದ ನಂತರ ಬರುವವು. ಮನೆಯ ಪನೀರ್ ಹಾಳಾಗುವುದು ಹೆಚ್ಚಾಗಿ ಅಲ್ಲಿಂದ. ಬಿಸಿ ಪನೀರನ್ನು ತುಂಡು ಮಾಡಿದರೆ ಕೈ ತಾಗುವ ಮೈ ಬಹಳ ಹೆಚ್ಚಾಗುತ್ತದೆ, ಮತ್ತು ಬಿಸಿ ಡಬ್ಬಿಯ ಒಳಗೆ ತಣ್ಣಗಾಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅವು ಚೆನ್ನಾಗಿ ಬೆಳೆಯುತ್ತವೆ.

ನಿಂಬೆಹುಳಿ

ಹಾಗಾದರೆ ಒಡೆದ ಹಾಲಿನ ನೀರಿನಲ್ಲೇ ಮುಳುಗಿಸಿ ಇಡಬೇಕು ಎನ್ನುವವರು? ನಮ್ಮ ಮನೆಯಲ್ಲಿ ಮೆತ್ತಗಿರಲಿ ಎಂದು ಹಾಗೇ ಮಾಡುತ್ತೇವೆ. ಮೆತ್ತಗಿರುವುದು ಖಂಡಿತ.

ಹಾಲುಕೆನೆ

ಮೆತ್ತಗಿರುತ್ತದೆ, ಒಪ್ಪುತ್ತೇನೆ. ಯಾವ ನೀರಿನಲ್ಲಿ ಇಟ್ಟರೂ ಮೆತ್ತಗಿರುತ್ತದೆ. ಗಾಳಿ ತಾಗದಿದ್ದರೆ ಮೈ ಒಣಗುವುದಿಲ್ಲ, ಅಷ್ಟೇ ಸಂಗತಿ. ಆದರೆ ನೀವು ಹುಳಿಯ ಕಚ್ಚಾ ಸಾಮಾನಿನಲ್ಲೇ ಮುಳುಗಿಸುತ್ತಿದ್ದೀರಿ. ಮರುದಿನವೇ ಖರ್ಚಾದರೆ ಗೊತ್ತಾಗುವುದಿಲ್ಲ. ನಾಲ್ಕು ದಿನಕ್ಕೆ ಆ ದಾರಿ ಬೇಡ.

ಇಲ್ಲೇ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ಗಟ್ಟಿಯಾಗುವುದು ಒಂದು ರೋಗ, ಹುಳಿಯಾಗುವುದು ಇನ್ನೊಂದು. ಮುಳುಗಿಸುವುದು ಮೊದಲನೆಯದಕ್ಕೆ ಮದ್ದು. ಎರಡನೆಯದಕ್ಕೆ ಮದ್ದು ತೊಳೆಯುವುದು, ಬೇಗ ತಣ್ಣಗೆ ಮಾಡುವುದು, ಸ್ವಚ್ಛತೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಹೀಗೇ ಆಗುತ್ತದೆ.

ಎರಡು ಲೋಟ

ನಾನು ಅಂಗಡಿಯ ಪ್ಯಾಕೆಟ್ ತರುವವಳು. ಪ್ಯಾಕೆಟ್ ಮೇಲೆ ಇನ್ನೂ ಇಪ್ಪತ್ತು ದಿನ ಇದೆ ಎಂದು ಬರೆದಿತ್ತು. ತೆರೆದು ಅರ್ಧ ಬಳಸಿ, ಬಾಯಿಗೆ ಕ್ಲಿಪ್ ಹಾಕಿ ಇಟ್ಟೆ. ಐದನೇ ದಿನ ಲೋಳೆ. ಕಂಪನಿಗೆ ದೂರು ಕೊಡಬೇಕೇ ಎಂದು ಯೋಚಿಸುತ್ತಿದ್ದೇನೆ.

ಹಾಲುಕೆನೆ

ದೂರಿಗೆ ಅವಸರ ಬೇಡ. ಆ ದಿನಾಂಕ ತೆರೆಯದ ಪ್ಯಾಕೆಟ್ಟಿಗೆ, ಅದೂ ಹೇಳಿದ ತಂಪಿನಲ್ಲಿ ಇಟ್ಟದ್ದಕ್ಕೆ. ಗಾಳಿ ತೆಗೆದು ಮುಚ್ಚಿರುವುದರಿಂದ ಅಷ್ಟು ದಿನ ಬರುತ್ತದೆ. ಕತ್ತರಿ ಹಾಕಿದ ಕ್ಷಣದಿಂದ ಅದು ಮನೆಯ ಪನೀರಿನ ಲೆಕ್ಕಕ್ಕೆ ಸೇರುತ್ತದೆ. ಬಳಸಿ ಉಳಿದದ್ದನ್ನು ಒದ್ದೆ ಪ್ಯಾಕೆಟ್ಟಿನಲ್ಲಿ ಬಿಡದೆ ಒಮ್ಮೆ ತೊಳೆದು ಬೇರೆ ಡಬ್ಬಿಗೆ ಹಾಕಿ. ಎರಡು ಮೂರು ದಿನದಲ್ಲಿ ಮುಗಿಸಿ.

ಅಳತೆಗೋಲು

ಫ್ರಿಜ್‌ನ ಬಾಗಿಲು ಎಂದಿರಲ್ಲ, ಅದನ್ನು ಯಾರೂ ಹಿಡಿದು ಮಾತನಾಡಲಿಲ್ಲ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ರಾತ್ರಿಯಿಡೀ ಬಾಗಿಲಿನಲ್ಲಿ ಇಟ್ಟು ನೋಡಿ, ಮರುರಾತ್ರಿ ಒಳಗಿನ ಕಪಾಟಿನ ಹಿಂಬದಿಯಲ್ಲಿ ಇಡಿ. ನಮ್ಮ ಮನೆಯಲ್ಲಿ ಬಾಗಿಲಿನಲ್ಲಿ 9 ಡಿಗ್ರಿ, ಹಿಂಬದಿಯಲ್ಲಿ 4. ಪ್ರತಿ ಸಲ ತೆರೆದಾಗಲೂ ಬಿಸಿಗಾಳಿ ಮೊದಲು ತಾಗುವುದು ಬಾಗಿಲಿಗೇ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬರುವುದಿಲ್ಲ, ಅಡುಗೆಯದ್ದು ಬೇಕು.

ಭಾನುವಾರದಡುಗೆ

ಅಡುಗೆಯ ಥರ್ಮಾಮೀಟರ್ ಇದೆ. ನೋಡುತ್ತೇನೆ. ಹಾಲುಕೆನೆ ಅವರೇ, ಈ ಭಾನುವಾರ ಹೇಗೆ ಮಾಡಬೇಕು ಎಂದು ಮೊದಲಿನಿಂದ ಹೇಳುವಿರಾ? ಅತ್ತೆಯವರ ರುಚಿಯ ಮಾತಿಗೂ ಉತ್ತರ ಬೇಕು.

ಹಾಲುಕೆನೆ

ಹೇಳುತ್ತೇನೆ. ಹಾಲು ಕುದಿಬಂದ ಮೇಲೆ ಒಲೆ ಆರಿಸಿ, ಸ್ವಲ್ಪ ಆರಲು ಬಿಟ್ಟು ಹುಳಿ ಹಾಕಿ. ಉಕ್ಕಿ ಕುದಿಯುವಾಗಲೇ ಹುಳಿ ಹಾಕಿದರೆ ಗಟ್ಟಿ ಬಿರುಸಾಗುತ್ತದೆ, ಆ ಬಿರುಸನ್ನು ಆಮೇಲೆ ಯಾವ ನೀರೂ ತೆಗೆಯುವುದಿಲ್ಲ. 75 ಡಿಗ್ರಿಯ ಆಸುಪಾಸು ಚೆನ್ನ. ನಿಂಬೆರಸವನ್ನು ಅಷ್ಟೇ ನೀರಿಗೆ ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಹಾಕಿ, ನೀರು ತಿಳಿಯಾಗಿ ಹಸಿರು ಛಾಯೆಗೆ ತಿರುಗಿದ ಕೂಡಲೇ ನಿಲ್ಲಿಸಿ. ಅಳತೆಗಿಂತ ಕಣ್ಣು ಮುಖ್ಯ, ಏಕೆಂದರೆ ಎರಡು ನಿಂಬೆಹಣ್ಣು ಒಂದೇ ಹುಳಿ ಇರುವುದಿಲ್ಲ. ಸಿಟ್ರಿಕ್ ಆಮ್ಲ ಬಳಸುವವರಿಗೆ ಲೀಟರಿಗೆ ಸುಮಾರು 2 ಗ್ರಾಂ, ಒಂದು ಲೋಟ ಬಿಸಿನೀರಿನಲ್ಲಿ ಕರಗಿಸಿದ್ದು.

ಬಟ್ಟೆಯನ್ನು ಅಂದೇ ಕುದಿಯುವ ನೀರಿನಲ್ಲಿ ಐದು ನಿಮಿಷ ಅದ್ದಿ. ಕಪಾಟಿನಿಂದ ತೆಗೆದ ಬಟ್ಟೆ ಒಗೆದದ್ದೇ ಆದರೂ ನನಗೆ ಅದರ ಮೇಲೆ ನಂಬಿಕೆಯಿಲ್ಲ.

ಸೋಸಿದ ಮೇಲೆ ಬಟ್ಟೆಯನ್ನು ಬಿಚ್ಚಿ, ಕುದಿಸಿ ಆರಿಸಿದ ನೀರನ್ನು ಅರ್ಧ ಲೀಟರಿನಂತೆ ಎರಡು ಸಲ ಸುರಿದು, ಚಮಚದಿಂದ ಮೆಲ್ಲಗೆ ಕದಡಿ, ಇಳಿಯಲು ಬಿಡಿ. ಉಂಡೆಯನ್ನು ಹಿಂಡುವ ಮೊದಲೇ ಇದನ್ನು ಮಾಡಬೇಕು. ಹಿಂಡಿ ಗಟ್ಟಿಯಾದ ಮೇಲೆ ಮೈಮೇಲೆ ನೀರು ಹೊಯ್ದರೆ ಒಳಗಿನ ಸಕ್ಕರೆ ಒಳಗೇ ಇರುತ್ತದೆ.

ಅತ್ತೆಯವರ ಮಾತು ಸುಳ್ಳಲ್ಲ. ತೊಳೆದ ಪನೀರಿನಲ್ಲಿ ಹಾಲಿನ ಸಿಹಿ ಕಡಿಮೆಯಾಗುತ್ತದೆ. ಅಂದೇ ತಿನ್ನುವುದಾದರೆ ತೊಳೆಯದಿದ್ದರೂ ನಡೆಯುತ್ತದೆ. ನಾಲ್ಕು ದಿನ ಇಡುವುದಾದರೆ ಸ್ವಲ್ಪ ಸಿಹಿಯನ್ನು ಬಿಟ್ಟುಕೊಡಬೇಕು.

ಭಾರ ಒಂದು ಗಂಟೆ ಸಾಕು, ಹೆಚ್ಚೆಂದರೆ ಒಂದೂವರೆ. ನಾಲ್ಕು ಗಂಟೆ ರುಬ್ಬುವ ಕಲ್ಲು ಎಂದರೆ ಅದು ಪನೀರಿಗೆ ಶಿಕ್ಷೆ. ಒಳಗಿನ ತೇವವೆಲ್ಲ ಹಿಂಡಿಹೋದ ಮೇಲೆ ಮೆತ್ತಗಿಡುವ ಚಿಂತೆ ಮಾಡಿ ಫಲವಿಲ್ಲ. ಭಾರ ತೆಗೆದ ಕೂಡಲೇ ತುಂಡು ಮಾಡದೆ, ಗಡ್ಡೆಯನ್ನು ಇಡಿಯಾಗಿ ಮಂಜುಗಡ್ಡೆ ಬೆರೆಸಿದ ಕುದಿಸಿ ಆರಿಸಿದ ನೀರಿಗೆ ಬಿಡಿ, ಎರಡು ಗಂಟೆ. ಒಳಗಿನವರೆಗೂ ತಂಪಾಗಬೇಕು. ಆಮೇಲೆ ಆ ನೀರು ಚೆಲ್ಲಿ, ಹೊಸ ತಣ್ಣೀರು ಹಾಕಿ, ಗಾಜಿನ ಅಥವಾ ಸ್ಟೀಲ್ ಡಬ್ಬಿಯಲ್ಲಿ ಪೂರ್ತಿ ಮುಳುಗುವಂತೆ ಇಟ್ಟು ಫ್ರಿಜ್‌ನ ಹಿಂಬದಿಗೆ ಸೇರಿಸಿ. ದಿನಕ್ಕೊಮ್ಮೆ ನೀರು ಬದಲು. ಎತ್ತುವಾಗ ಬೆರಳಲ್ಲ, ಒಣಗಿದ ಚಮಚ. ಬೇಕಾದಷ್ಟೇ ಕತ್ತರಿಸಿ, ಉಳಿದದ್ದು ಗಡ್ಡೆಯಾಗಿಯೇ ಇರಲಿ.

ನಿಂಬೆಹುಳಿ

ನೀರಿಗೆ ಉಪ್ಪು ಹಾಕಬಾರದೇ?

ಹಾಲುಕೆನೆ

ಲೀಟರಿಗೆ ಎರಡು ಚಹಾ ಚಮಚ ಹಾಕಿದರೆ ಸ್ವಲ್ಪ ಸಹಾಯ. ಹುಳಿಯಾಗುವುದು ಕೊಂಚ ತಡವಾಗುತ್ತದೆ, ಅಷ್ಟೇ. ನಿಜವಾಗಿ ತಡೆಯಬೇಕಾದರೆ ಹಾಕಬೇಕಾದ ಉಪ್ಪು ಅಷ್ಟಿಷ್ಟಲ್ಲ, ಆಗ ತಿನ್ನಲಾಗುವುದಿಲ್ಲ, ಪನೀರೂ ಬಿಗಿಯಾಗುತ್ತದೆ.

ಕಾಳುಮೆಣಸು

ನನಗೆ ಈ ಮುಳುಗಿಸುವುದೇ ಒಪ್ಪಿಗೆಯಿಲ್ಲ. ನಾಲ್ಕು ದಿನ ನೀರಿನಲ್ಲಿ ನೆಂದ ಪನೀರ್ ಒದ್ದೆ ಹತ್ತಿಯಂತೆ ಸಪ್ಪೆ. ಹುರಿಯಲು ಎಣ್ಣೆಗೆ ಹಾಕಿದರೆ ಸಿಡಿದು ಕೈ ಸುಡುತ್ತದೆ. ನಾನು ಕುದಿಸಿ ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇನೆ. ಬಟ್ಟೆಯನ್ನು ದಿನಾ ಬದಲಾಯಿಸುತ್ತೇನೆ. ನಾಲ್ಕು ದಿನ ಸರಿಯಾಗಿ ಬರುತ್ತದೆ.

ಹಾಲುಕೆನೆ

ಬಟ್ಟೆ ದಿನಾ ಬದಲಾಯಿಸುವ ಶಿಸ್ತು ನಿಮಗಿದೆ. ಎಲ್ಲರಿಗೂ ಇರುವುದಿಲ್ಲ. ಬದಲಾಯಿಸದ ಒದ್ದೆ ಬಟ್ಟೆಯಲ್ಲಿ ಬೂಷ್ಟು ಬರುವುದನ್ನು ಬಹಳ ಸಲ ಕಂಡಿದ್ದೇನೆ. ನೀರಿನಡಿ ಗಾಳಿಯಿಲ್ಲದ ಕಾರಣ ಬೂಷ್ಟಿನ ಕಾಟ ಕಡಿಮೆ.

ಕಾಳುಮೆಣಸು

ದಿನಾ ನೀರು ಬದಲಾಯಿಸುವ ಶಿಸ್ತು ಮಾತ್ರ ಎಲ್ಲರಿಗೂ ಇದೆಯೇ ಸರ್?

ಎರಡು ಲೋಟ

ಫ್ರೀಜರ್‌ಗೆ ಹಾಕಿದರೆ ಈ ಜಗಳವೇ ಇಲ್ಲವಲ್ಲ?

ಹಾಲುಕೆನೆ

ಹುಳಿಯಾಗುವುದಿಲ್ಲ, ಆದರೆ ಒಳಗಿನ ನೀರು ಹರಳುಗಟ್ಟಿ ಪನೀರಿನ ಹೆಣಿಗೆಯನ್ನು ಹರಿದುಬಿಡುತ್ತದೆ. ಕರಗಿಸಿದ ಮೇಲೆ ನೀರು ಬಿಟ್ಟು ಪುಡಿಪುಡಿ. ಪುಡಿ ಮಾಡಿಯೇ ಬಳಸುವ ಅಡುಗೆಗೆ ಇಡಿ, ಚೌಕದ ತುಂಡು ಬೇಕೆನ್ನುವವರಿಗೆ ಅಲ್ಲ.

ತಡವಾಗಿ ಬಂದವನು

ನನ್ನ ಪ್ರಶ್ನೆ ಹಾಗೇ ಉಳಿಯಿತು.

ಹಾಲುಕೆನೆ

ಕ್ಷಮಿಸಿ. ಹೋಮೊಜಿನೈಸ್ ಮಾಡಿದ ಹಾಲೇ ನಿಮ್ಮದು? ಅದರ ಪನೀರ್ ಸಡಿಲವಾಗಿ ಬರುತ್ತದೆ, ಭಾರ ಹೆಚ್ಚಿಸಿದರೂ ಒಡೆಯುವುದು ತಪ್ಪುವುದಿಲ್ಲ. ಹಾಲನ್ನು ಬದಲಾಯಿಸಿ ನೋಡಿ. ಜೊತೆಗೆ ಗಡ್ಡೆಯನ್ನು ತಣ್ಣಗೆ ಮಾಡಿದ ಮೇಲೆಯೇ ಕತ್ತರಿಸಿ.

ಭಾನುವಾರದಡುಗೆ (ಒಂದು ವಾರದ ನಂತರ)

ವರದಿ ಕೊಡಲು ಬಂದಿದ್ದೇನೆ. ಮೊದಲು ಥರ್ಮಾಮೀಟರ್: ಬಾಗಿಲಿನಲ್ಲಿ 11 ಡಿಗ್ರಿ, ಹಿಂಬದಿಯಲ್ಲಿ 5. ಅಳತೆಗೋಲು ಅವರೇ, ಆ ಬಾಗಿಲಿನಲ್ಲಿ ನಾನು ಹಾಲನ್ನೂ ಇಡುತ್ತಿದ್ದೆ.

ಎರಡು ಲೀಟರಿನ ಗಟ್ಟಿಯನ್ನು ಮೂರು ಪಾಲು ಮಾಡಿದೆ. ಒಂದನ್ನು ಮೊದಲಿನಂತೆಯೇ, ತೊಳೆಯದೆ, ತುಂಡು ಮಾಡಿ ನೀರಿಗೆ ಹಾಕಿದೆ, ಆದರೆ ಈ ಸಲ ಹಿಂಬದಿಯ ಕಪಾಟಿನಲ್ಲಿ. ಎರಡನೆಯದನ್ನು ಹಾಲುಕೆನೆ ಅವರು ಹೇಳಿದಂತೆ ತೊಳೆದು, ಮಂಜುನೀರಿನಲ್ಲಿ ತಣ್ಣಗೆ ಮಾಡಿ, ದಿನಾ ನೀರು ಬದಲಾಯಿಸಿದೆ. ಮೂರನೆಯದನ್ನೂ ತೊಳೆದೆ, ಆದರೆ ಕಾಳುಮೆಣಸು ಅವರ ಒದ್ದೆ ಬಟ್ಟೆಯಲ್ಲಿ ಸುತ್ತಿದೆ.

ತೊಳೆಯದ್ದು ಮೂರನೇ ದಿನ ವಾಸನೆ ಬರಲಿಲ್ಲ, ನಾಲ್ಕನೇ ದಿನ ಬೆಳಿಗ್ಗೆ ಬಂತು. ಅಂದರೆ ಬಾಗಿಲು ಬಿಟ್ಟದ್ದರಿಂದ ಒಂದು ದಿನ ಮಾತ್ರ ಗಿಟ್ಟಿತು. ತೊಳೆದು ಮುಳುಗಿಸಿದ್ದು ಐದನೇ ದಿನವೂ ಹುಳಿಯಿರಲಿಲ್ಲ. ನೀರು ಮೊದಲೆರಡು ದಿನ ಸ್ವಲ್ಪ ಮಸುಕಾಗುತ್ತಿತ್ತು, ಮೂರನೇ ದಿನದಿಂದ ತಿಳಿ. ಆದರೆ ಸಪ್ಪೆ, ಅದನ್ನು ಒಪ್ಪಬೇಕು. ಅತ್ತೆಯವರು ಒಂದು ಚೂರು ತಿಂದು, "ಇದರಲ್ಲಿ ಹಾಲೆಲ್ಲಿದೆ?" ಎಂದರು. ಬಟ್ಟೆಯದ್ದು ರುಚಿಯಲ್ಲಿ ಗೆದ್ದಿತು, ಆದರೆ ಐದನೇ ದಿನ ಒಂದು ಮೂಲೆ ಬಿರುಸಾಗಿತ್ತು, ಅಲ್ಲಿ ಬಟ್ಟೆ ಜಾರಿತ್ತು.

ಹಾಲುಕೆನೆ

ಬಿರುಸಾದ ಮೂಲೆಯನ್ನು ಎಸೆಯಬೇಡಿ. ವಾಸನೆ ಸರಿಯಿದ್ದರೆ, ಬೆರಳು ತಾಳುವಷ್ಟು ಬಿಸಿಯ ನೀರಿಗೆ ಚಿಟಿಕೆ ಉಪ್ಪು ಹಾಕಿ ಹದಿನೈದು ನಿಮಿಷ ಬಿಡಿ. ತಂಪಿನಲ್ಲಿ ಪನೀರಿನ ಜಿಡ್ಡೂ ಗಟ್ಟಿಯಾಗಿರುತ್ತದೆ, ಬಿಸಿನೀರಿಗೆ ಅದು ಸಡಿಲವಾಗುತ್ತದೆ, ಒಣಗಿದ ಮೈಯೂ ನೀರು ಹೀರುತ್ತದೆ. ಒಲೆಯ ಮೇಲೆ ಕುದಿಸಬೇಡಿ, ಇನ್ನಷ್ಟು ಬಿಗಿಯುತ್ತದೆ. ಸಪ್ಪೆಗೂ ಇದೇ ಉಪ್ಪುನೀರು ಸ್ವಲ್ಪ ಪರಿಹಾರ.

ನಿಂಬೆಹುಳಿ

ತೊಳೆಯದ ಪಾಲಿನದು ನಾಲ್ಕನೇ ದಿನ ಎಸೆದಿರಾ? ಹುಳಿ ಸ್ವಲ್ಪ ಇದ್ದರೆ ತೊಳೆದು ಚೆನ್ನಾಗಿ ಹುರಿದರೆ ಗೊತ್ತಾಗುವುದಿಲ್ಲ.

ಹಾಲುಕೆನೆ

ಗೊತ್ತಾಗದಿರುವುದೇ ಅಪಾಯ. ಜಾರುವ ಲೋಳೆ ಬಂದಿದ್ದರೆ ತೊಳೆದಾಗ ಮೇಲಿನದು ಮಾತ್ರ ಹೋಗುತ್ತದೆ. ಕೆಲವು ಸೂಕ್ಷ್ಮಜೀವಿಗಳು ಬಿಟ್ಟ ವಿಷ ಬಾಣಲೆಯ ಬಿಸಿಗೂ ಜಗ್ಗುವುದಿಲ್ಲ. ಲೋಳೆ, ಕಹಿ, ಬಣ್ಣದ ಚುಕ್ಕೆ, ಈ ಮೂರರಲ್ಲಿ ಯಾವುದು ಕಂಡರೂ ಕಸದ ಬುಟ್ಟಿಗೆ. ವಾಸನೆ ಚೆನ್ನಾಗಿಯೇ ಇದ್ದರೂ ಮನೆಯ ಪನೀರನ್ನು ಐದು ದಿನ ದಾಟಿಸಲು ನಾನು ಹೋಗುವುದಿಲ್ಲ.

ಭಾನುವಾರದಡುಗೆ

ಎಸೆದೆ. ಮುಂದಿನ ವಾರ ಮೊದಲ ಎರಡು ದಿನ ನೀರಿನಲ್ಲಿಟ್ಟು, ಆಮೇಲೆ ಬಟ್ಟೆಗೆ ಸುತ್ತಿ ನೋಡೋಣ ಎಂದುಕೊಂಡಿದ್ದೇನೆ. ನೀರು ತಿಳಿಯಾದ ಮೇಲೆ ಮುಳುಗಿಸುವ ಅಗತ್ಯವೇನು ಎಂಬುದು ನನ್ನ ಲೆಕ್ಕ.

ಕಾಳುಮೆಣಸು

ನಾನು ಹೇಳಿದ್ದೂ ಅದೇ.

ಹಾಲುಕೆನೆ

ನೀವು ಹೇಳಿದ್ದು ಅದಲ್ಲ, ಆದರೆ ಯೋಚನೆ ಚೆನ್ನಾಗಿದೆ. ಹಾಗೆ ಇಟ್ಟು ನೋಡಿದವನು ನಾನಲ್ಲ. ಮಧ್ಯದಲ್ಲಿ ಕೈ ತಾಗುವುದು ಒಂದು ಸಲ ಹೆಚ್ಚಾಗುತ್ತದೆ, ಅದೊಂದೇ ನನ್ನ ಅನುಮಾನ. ಸುತ್ತುವ ಬಟ್ಟೆ ಬಿಸಿ ಇರುವಾಗ ಸುತ್ತಬೇಡಿ, ಕುದಿಸಿದ್ದನ್ನು ಆರಿಸಿ, ಹಿಂಡಿ, ಆಮೇಲೆ ಸುತ್ತಿ. ಗುರುವಾರ ಹೇಗಿತ್ತು ಎಂದು ಬರೆಯಿರಿ.